ಪಕ್ಕದ ಮನೆಯ ರೇಡಿಯೋ ಅಲ್ಲ, ಹುಚ್ಚೂ ಅಲ್ಲ

(ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ಎಪ್ಪತ್ತು ದಾಟಿದ ಮಹಿಳೆ, ಒಬ್ಬರೇ ಇರುತ್ತಾರೆ. ಕಿವಿ ಮಂದವಾಗಿ ಹತ್ತು ವರ್ಷದ ಮೇಲಾಗಿದೆ. ರಾತ್ರಿ ಹೊತ್ತು ಪಕ್ಕದ ಮನೆಯವರು ಜೋರಾಗಿ ಹಾಡು ಹಾಕುತ್ತಾರೆ ಅಂತ ಎರಡು ಸಲ ಜಗಳವಾಡಿ ಬಂದಿದ್ದರು. ಆಮೇಲೆ ಮಗಳು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ತೋರಿಸಿದಳು. ಅದರಲ್ಲಿ ಫ್ಯಾನಿನ ಸದ್ದು ಬಿಟ್ಟು ಏನೂ ಇರಲಿಲ್ಲ. ಅವತ್ತಿನಿಂದ ಅಮ್ಮ ಹಾಡಿನ ಸುದ್ದಿಯನ್ನೇ ಎತ್ತಲಿಲ್ಲ. ನನ್ನ ಹತ್ತಿರ ಮಾತ್ರ ಮೆಲ್ಲಗೆ, "ನಂಗೆ ತಲೆ ಕೆಡ್ತಿದೆಯಾ?" ಅಂದರು.

"ಯಾವ ಹಾಡಮ್ಮ?" ಅಂತ ಕೇಳಿದೆ. ಚಿಕ್ಕಂದಿನಲ್ಲಿ ಶಾಲೆಯಲ್ಲಿ ಹೇಳುತ್ತಿದ್ದ ಪ್ರಾರ್ಥನೆ. ಎರಡೇ ಸಾಲು, ಮತ್ತೆ ಮತ್ತೆ ಅದೇ. ಒಮ್ಮೊಮ್ಮೆ ಆಚೆ ಕೋಣೆಯಲ್ಲಿ ಯಾರೋ ಮಾತಾಡಿದ ಹಾಗೆ, ಆದರೆ ಮಾತು ತಿಳಿಯದು. ಕಿವಿ ಮುಚ್ಚಿಕೊಂಡರೂ ಸದ್ದು ಕಡಿಮೆಯಾಗುವುದಿಲ್ಲ. ಆ ದನಿ ನಿಮ್ಮನ್ನು ಹೆಸರು ಹಿಡಿದು ಕರೆಯುತ್ತಾ, ಬಯ್ಯುತ್ತಾ, ಏನಾದರೂ ಮಾಡು ಅನ್ನುತ್ತಾ? ಎಲ್ಲಕ್ಕೂ ಇಲ್ಲ ಅಂದರು. ನೆನಪು, ಲೆಕ್ಕಾಚಾರ ಎಲ್ಲ ಚುರುಕಾಗಿತ್ತು.

ಇದಕ್ಕೆ ಮ್ಯೂಸಿಕಲ್ ಇಯರ್ ಸಿಂಡ್ರೋಮ್ ಅನ್ನುತ್ತಾರೆ. ಕಿವಿಯಿಂದ ಸದ್ದು ಬರುವುದು ಕಡಿಮೆಯಾದರೂ, ಸದ್ದನ್ನು ಗುರುತಿಸುವ ಮಿದುಳಿನ ಭಾಗ ಸುಮ್ನೆ ಕೂರುವುದಿಲ್ಲ. ಹಳೇ ನೆನಪಿನಿಂದ ತಾನೇ ಏನನ್ನೋ ತುಂಬಿಕೊಳ್ಳುತ್ತದೆ. ಅದಕ್ಕೇ ಬರುವುದು ಜಾಸ್ತಿ ಗೊತ್ತಿರುವ ಹಾಡೇ. ನಿಶ್ಶಬ್ದದಲ್ಲಿ, ಇಲ್ಲವೇ ಫ್ಯಾನಿನಂಥ ಒಂದೇ ಸಮನೆ ಸದ್ದಿನಲ್ಲಿ ಇದು ಎದ್ದು ಕೇಳುತ್ತದೆ. ಮೊದಮೊದಲು ನಿಜವಾದ ಹಾಡೇ ಅಂದುಕೊಳ್ಳುವವರು ಬಹಳ ಮಂದಿ. ಹೊರಗಿನದ್ದಲ್ಲ ಅಂತ ತಿಳಿದ ಮೇಲೆ ಅದನ್ನು ಒಪ್ಪುತ್ತಾರಲ್ಲ, ಮುಖ್ಯವಾದ ವ್ಯತ್ಯಾಸ ಅಲ್ಲಿದೆ. ಮಾನಸಿಕ ಕಾಯಿಲೆಯಲ್ಲಿ ದನಿ ಸಾಮಾನ್ಯವಾಗಿ ಆ ವ್ಯಕ್ತಿಯ ಬಗ್ಗೆಯೇ ಮಾತಾಡುತ್ತದೆ, ಅದು ನಿಜ ಎಂಬ ನಂಬಿಕೆಯೂ ಸುಲಭಕ್ಕೆ ಅಲುಗಾಡುವುದಿಲ್ಲ.

ಹಾಗಂತ ನಾನೇ ತೀರ್ಮಾನ ಕೊಡಲಿಲ್ಲ, ಕಿವಿ ಡಾಕ್ಟರ ಹತ್ತಿರ ಕಳಿಸಿದೆ. ಎರಡೂ ಕಿವಿಗೆ 70 ಡೆಸಿಬೆಲ್‌ಗಿಂತ ಕಡಿಮೆ ಸದ್ದು ಕೇಳುತ್ತಿರಲಿಲ್ಲ. ನಾವು ಮಾಮೂಲಿಯಾಗಿ ಮಾತಾಡುವುದು 60ರ ಆಸುಪಾಸು, ಅಂದರೆ ಮನೆಮಾತೆಲ್ಲ ಅವರಿಗೆ ತಪ್ಪಿಹೋಗುತ್ತಿತ್ತು. ತಗೊಳ್ಳುವ ಮಾತ್ರೆಗಳ ಪಟ್ಟಿಯನ್ನೂ ತೋರಿಸಲು ಹೇಳಿದ್ದೆ. ಟ್ರಾಮಡಾಲ್‌ನಂಥ ಕೆಲವು ನೋವಿನ ಮಾತ್ರೆಗಳಿಂದಲೂ ಹೀಗಾಗಬಹುದು. ಅನುಮಾನ ಬಂದರೂ ಡಾಕ್ಟರನ್ನು ಕೇಳದೆ ಮಾತ್ರೆ ಬಿಡಬಾರದು. ಇವರ ಮಾತ್ರೆಗಳಲ್ಲಿ ತೊಂದರೆ ಇರಲಿಲ್ಲ.

ಪೆಟ್ಟಿಗೆಯಲ್ಲಿ ಮಲಗಿದ್ದ ಶ್ರವಣಯಂತ್ರವನ್ನು ಮತ್ತೆ ಸರಿಹೊಂದಿಸಿ, ದಿನವಿಡೀ ಹಾಕಿಕೊಳ್ಳಲು ಹೇಳಿದೆವು. ಹಾಡು ಶುರುವಾದರೆ ಬೇರೆ ಹಾಡು ಕೇಳಿ, ಇಲ್ಲವೇ ನೀವೇ ಗುನುಗಿ ಅಂದೆ. ಮಗಳಿಗೆ ಹೇಳಿದ್ದು ಒಂದೇ: "ಏನೂ ಇಲ್ಲ, ಸುಮ್ನಿರಿ" ಅನ್ನಬೇಡಿ, "ಇವತ್ತು ಯಾವ ಹಾಡು?" ಅಂತ ಕೇಳಿ.

ಕೆಲವು ವಾರಗಳಲ್ಲಿ ಹಗಲಿನ ಹಾಡು ಹೆಚ್ಚುಕಡಿಮೆ ನಿಂತಿತು. ರಾತ್ರಿ ಯಂತ್ರ ತೆಗೆದಾಗ ಈಗಲೂ ಬರುತ್ತದೆ, ಆದರೆ ನಿದ್ದೆ ಕೆಡುವುದಿಲ್ಲವಂತೆ. ಎಲ್ಲರಿಗೂ ಇಷ್ಟು ಕಡಿಮೆಯಾಗುತ್ತದೆ ಅಂತ ಹೇಳಲಾಗದು. ದನಿ ಅಪ್ಪಣೆ ಕೊಡತೊಡಗಿದರೆ, ಗೊಂದಲ ಅಥವಾ ಫಿಟ್ಸ್ ಕಾಣಿಸಿದರೆ, ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದಾದರೆ, ಮುಂದಿನ ಭೇಟಿಗೆ ಕಾಯದೆ ಅವತ್ತೇ ಡಾಕ್ಟರಿಗೆ ತೋರಿಸಿ ಅಂತ ಮಗಳಿಗೆ ಬರೆದುಕೊಟ್ಟಿದ್ದೇನೆ.