ಸಂಜೆಯಾದರೆ ಕಟ್ಟುವ ಗಂಟಲು: ಕಾಲ್ ಸೆಂಟರ್ ಉದ್ಯೋಗಿಯ ಪ್ರಕರಣ, ಜೊತೆಗೊಂದು ವಿಡಿಯೊ ಸ್ಕ್ರಿಪ್ಟ್

ಹಾಸನದ ಕಾಲ್ ಸೆಂಟರ್ ಒಂದರಲ್ಲಿ ಕನ್ನಡದ ಕರೆಗಳನ್ನು ತೆಗೆದುಕೊಳ್ಳುವ 27ರ ಯುವತಿ. ಅವರನ್ನು ‘ಸ’ ಎಂದು ಕರೆಯೋಣ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇವೆ. ಬೆಳಿಗ್ಗೆ ಮಾತು ಸಲೀಸು. ಮಧ್ಯಾಹ್ನ ಮೂರರ ಹೊತ್ತಿಗೆ ಧ್ವನಿ ಒಡೆಯುತ್ತದೆ, ಕತ್ತಿನ ಎರಡೂ ಬದಿ ನೋವು, ಗಂಟಲಲ್ಲಿ ಏನೋ ಅಂಟಿಕೊಂಡ ಹಾಗೆ. ಮನೆಗೆ ಹೋದ ಮೇಲೆ ಮಗುವಿನ ಜೊತೆ ಮಾತಾಡಲೂ ಬೇಸರ. ಧ್ವನಿ ಚಿಕಿತ್ಸೆಗೆಂದು ನಮ್ಮ ಬಳಿ ಬಂದ ಅವರನ್ನು, ಎರಡು ತಿಂಗಳಿಂದ ಹೀಗೇ ಇದ್ದುದರಿಂದ ಮೊದಲು ಇಎನ್‌ಟಿ ವೈದ್ಯರ ಬಳಿ ಕಳಿಸಿದೆವು. ಗಂಟಲೊಳಗೆ ಕ್ಯಾಮೆರಾ ಇಳಿಸಿ ನೋಡದೆ ಧ್ವನಿ ವ್ಯಾಯಾಮ ಶುರು ಮಾಡಬಾರದು. ಧ್ವನಿತಂತುಗಳ ಅಂಚು ಸ್ವಲ್ಪ ಊದಿದೆ, ಗಂಟು ಇಲ್ಲ ಎಂದು ವರದಿ ಬಂತು. ಅಂದರೆ, ಮಾತಾಡುವ ರೀತಿ ಬದಲಾದರೆ ಇಳಿಯಬಹುದಾದ ಊತ.

ಅಷ್ಟರಲ್ಲಿ ಅವರು ಮಾಡಬಹುದಾದದ್ದನ್ನೆಲ್ಲ ಮಾಡಿದ್ದರು: ಶುಂಠಿ ಕಷಾಯ, ಜೇನು, ದಿನಕ್ಕೆ ಏಳೆಂಟು ಪುದೀನ ಗುಳಿಗೆ, ರಜೆಯ ದಿನ ಪೂರ್ತಿ ಪಿಸುಮಾತು. ಕುಡಿದದ್ದು ಅನ್ನನಾಳಕ್ಕೆ ಹೋಗುತ್ತದೆಯೇ ಹೊರತು ಧ್ವನಿತಂತುಗಳನ್ನು ಮುಟ್ಟುವುದಿಲ್ಲ. ನುಂಗುವಾಗ ಧ್ವನಿತಂತುಗಳಿರುವ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಕಷಾಯದಿಂದ ಗಂಟಲಿಗೆ ಹಿತವೆನಿಸಬಹುದು, ಅಷ್ಟೇ. ಪುದೀನದ ತಂಪು ನೋವನ್ನು ಮರೆಸುತ್ತದೆ, ಮರೆತವರು ಇನ್ನೂ ಜೋರಾಗಿ ಮಾತಾಡುತ್ತಾರೆ. ಒತ್ತಿ ಪಿಸುಗುಟ್ಟುವಾಗ ಕತ್ತಿನ ಸ್ನಾಯುಗಳು ಬಿಗಿಯುತ್ತವೆ; ಅದಕ್ಕಿಂತ ಮೆಲುದನಿಯ ಸಹಜ ಮಾತು ಮೇಲು, ಮೌನ ಇನ್ನೂ ಮೇಲು.

ಮೂಲ ಕಾರಣ ಅವರ ಕರೆಗಳ ರೆಕಾರ್ಡಿಂಗ್ ಕೇಳಿದಾಗ ಹೊರಬಿತ್ತು. ಬೆಳಗಿನ ಮೊದಲ ಕರೆಗೂ ನಾಲ್ಕು ಗಂಟೆಯ ಕರೆಗೂ ಹೋಲಿಸಿದರೆ ಧ್ವನಿ ಏರಿತ್ತು, ತೆಳುವಾಗಿತ್ತು. ಪ್ರತಿ ವಾಕ್ಯದ ಮುಂಚೆ ‘ಹ್ಹುಂ’ ಎಂದು ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಗ್ರಾಹಕರು ಪದೇಪದೇ ‘ಏನಮ್ಮಾ, ಕೇಳಿಸ್ತಿಲ್ಲ’ ಎನ್ನುತ್ತಿದ್ದರು. ಯಾಕೆಂದರೆ ಹೆಡ್‌ಸೆಟ್ಟಿನ ಮೈಕ್ ಗದ್ದದ ಕೆಳಗಿತ್ತು. ಕರೆಯಲ್ಲಿ ಉಸಿರಿನ ಸದ್ದು ಬರುತ್ತದೆಂದು ಯಾರೋ ಹೇಳಿದ್ದಕ್ಕೆ ಕೆಳಗೆ ತಿರುಗಿಸಿದವರು ಹಾಗೇ ಬಿಟ್ಟಿದ್ದರು. ಹೆಡ್‌ಸೆಟ್ ಇದ್ದದ್ದು ಒಂದೇ ಕಿವಿಗೆ. ಇನ್ನೊಂದು ಕಿವಿಯಲ್ಲಿ ಇಡೀ ಹಾಲಿನ ಗದ್ದಲ. ಗದ್ದಲದಲ್ಲಿ ನಮಗೆ ಅರಿವಿಲ್ಲದೆ ಧ್ವನಿ ಏರುತ್ತದೆ. ಫ್ರಾನ್ಸಿನ ವೈದ್ಯ ಎಟಿಯೆನ್ ಲೊಂಬಾರ್ಡ್ 1911ರಲ್ಲಿ ಇದನ್ನು ವಿವರಿಸಿದ್ದರಿಂದ ಅದಕ್ಕೆ ಅವರ ಹೆಸರೇ ಇದೆ. ‘ಮೆಲ್ಲಗೆ ಮಾತಾಡಿ’ ಎಂದು ಉಪದೇಶ ಮಾಡಿ ಪ್ರಯೋಜನವಿಲ್ಲ. ಮೊದಲು ಮೈಕ್ ಸರಿಯಾಗಬೇಕು.

ಅವರ ಟೀಮ್ ಲೀಡರ್ ಕೂಡ ಒಮ್ಮೆ ಜೊತೆಗೆ ಬಂದರು. ತಮ್ಮಲ್ಲಿ ಇನ್ನೂ ಹಲವರಿಗೆ ಇದೇ ತೊಂದರೆ ಇದೆ, ಶಿಫ್ಟ್ ಶುರುವಾಗುವ ಮುಂಚೆ ತೋರಿಸಲು ಒಂದು ಚಿಕ್ಕ ವಿಡಿಯೊ ಬೇಕು ಎಂದರು. ‘ಸ’ ಅವರಿಗೆ ಕೊಟ್ಟ ಸಲಹೆಯನ್ನೇ ಸ್ಕ್ರಿಪ್ಟ್ ಮಾಡಿದೆವು. ಸುಮಾರು ಮೂರು ನಿಮಿಷ.

ದೃಶ್ಯ 1: ಮೈಕ್ ಹತ್ತಿರದಿಂದ

(ಗದ್ದದ ಕೆಳಗಿರುವ ಮೈಕ್. ಒಂದು ಕೈ ಅದನ್ನು ಮೇಲೆತ್ತುತ್ತದೆ.)

ಧ್ವನಿ: ‘ಮೈಕ್ ಬಾಯಿಯ ನೇರಕ್ಕೆ ಬೇಡ, ತುಟಿಯ ಮೂಲೆಯ ಪಕ್ಕಕ್ಕಿರಲಿ. ಕೆನ್ನೆಯಿಂದ ಎರಡು ಬೆರಳು ದೂರ. ಉಸಿರು ಅದಕ್ಕೆ ಬಡಿಯಲ್ಲ, ಮಾತು ಮಾತ್ರ ಹೋಗುತ್ತೆ. ಸಾಫ್ಟ್‌ವೇರಲ್ಲಿ ಸೈಡ್‌ಟೋನ್ ಇದ್ದರೆ ಆನ್ ಮಾಡಿ. ನಿಮ್ಮ ಮಾತು ನಿಮಗೇ ಸ್ವಲ್ಪ ಕೇಳಿಸಿದರೆ ಕೂಗೋದು ತಾನಾಗಿ ತಗ್ಗುತ್ತೆ. ಪಕ್ಕದಲ್ಲಿ ಕೂತವರಿಗೆ ಹೇಳೋ ಹಾಗೆ ಒಂದು ವಾಕ್ಯ ಹೇಳಿ ರೆಕಾರ್ಡ್ ಕೇಳಿ. ಸ್ಪಷ್ಟವಾಗಿದ್ದರೆ ಇವತ್ತಿಗೆ ಅಷ್ಟೇ ಧ್ವನಿ ಸಾಕು.’

ದೃಶ್ಯ 2: ಗಂಟಲು ಸರಿಮಾಡಿಕೊಳ್ಳುವವರು

(‘ಹ್ಹುಂ’ ಎನ್ನಲು ಹೊರಟು ನಿಲ್ಲಿಸಿ, ನೀರು ಗುಟುಕರಿಸುತ್ತಾರೆ.)

ಧ್ವನಿ: ‘ಅಂಟಿಕೊಂಡ ಹಾಗನ್ನಿಸೋದು ಬಹಳ ಸಲ ಊತದಿಂದ. ಹ್ಹುಂ ಅಂದಾಗ ಎರಡು ತಂತುಗಳೂ ಜೋರಾಗಿ ಬಡಿದುಕೊಳ್ಳುತ್ತವೆ. ಅದರಿಂದ ಊತ ಹೆಚ್ಚುತ್ತೆ, ಕಫ ಇನ್ನಷ್ಟು ಬಂದಹಾಗೆ ಅನ್ನಿಸುತ್ತೆ, ಮತ್ತೆ ಹ್ಹುಂ. ಅದರ ಬದಲು ಒಂದು ಗುಟುಕು ನೀರು. ನೀರಿಲ್ಲದಿದ್ದರೆ ಗದ್ದ ಸ್ವಲ್ಪ ತಗ್ಗಿಸಿ ಉಗುಳನ್ನು ಬಿಗಿಯಾಗಿ ನುಂಗಿ. ಅದಕ್ಕೂ ಹೋಗಲಿಲ್ಲ ಅಂದರೆ ಸದ್ದಿಲ್ಲದೆ, ಬರೀ ಗಾಳಿಯಲ್ಲಿ ಹಹ್ ಅನ್ನಿ, ಆಮೇಲೆ ನುಂಗಿ.’

(ಬಾಟಲಿಯ ಮೇಲೆ ಬರಹ: ‘ಗಂಟೆಗೆ ಒಂದು ಲೋಟ, ಗುಟುಕು ಗುಟುಕಾಗಿ. ನೀರಿಗೆ ಮಿತಿ ಹೇಳಿರುವ ಹೃದಯ, ಕಿಡ್ನಿ ರೋಗಿಗಳು ವೈದ್ಯರು ಹೇಳಿದಷ್ಟೇ.’)

ಧ್ವನಿ: ‘ನೀರು ರಕ್ತಕ್ಕೆ ಸೇರಿ ಅಲ್ಲಿಂದ ತಂತುಗಳಿಗೆ ಹೋಗಬೇಕು. ಅದಕ್ಕೆ ಹೊತ್ತು ಬೇಕು. ಒಣಗಿದ ಮೇಲೆ ಒಂದೇ ಸಲ ಅರ್ಧ ಲೀಟರ್ ಕುಡಿದರೆ ತಡವಾಯ್ತು. ಬೆಳಿಗ್ಗೆಯಿಂದಲೇ ಶುರುಮಾಡಿ.’

ದೃಶ್ಯ 3: ಸ್ಟ್ರಾ

(ಅರ್ಧ ನೀರಿರುವ ಬಾಟಲಿ. ಎಳನೀರು ಕುಡಿಯುವ ಸ್ಟ್ರಾ. ತುದಿ ನೀರಲ್ಲಿ ಎರಡು ಬೆರಳಗಲದಷ್ಟು ಮುಳುಗಿದೆ.)

ಧ್ವನಿ: ‘ತುಟಿ ಮುಚ್ಚಿ, ಸ್ಟ್ರಾದಲ್ಲಿ ಊ ಅನ್ನಿ. ಬರೀ ಊದೋದಲ್ಲ, ಧ್ವನಿ ಬರಬೇಕು. ಗಂಟಲ ಮೇಲೆ ಬೆರಳಿಟ್ಟರೆ ಕಂಪನ ಗೊತ್ತಾಗುತ್ತೆ. ಗುಳ್ಳೆ ಒಂದೇ ಸಮ ಬರಲಿ. ಆಮೇಲೆ ಊ ಅನ್ನೋದನ್ನ ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ ಎಳೆಯಿರಿ. ನೀರು ಗಾಳಿಯನ್ನು ಸ್ವಲ್ಪ ತಡೆಯುತ್ತೆ, ಆ ಒತ್ತಡ ತಂತುಗಳಿಗೆ ಮೆತ್ತೆ ಹಾಕಿದ ಹಾಗೆ, ಬಡಿತ ಮೃದುವಾಗುತ್ತೆ. ಶಿಫ್ಟಿಗೆ ಮುಂಚೆ ಎರಡು ನಿಮಿಷ, ಪ್ರತಿ ಬ್ರೇಕಲ್ಲಿ ಒಂದು ನಿಮಿಷ.’

(ತಪ್ಪು ತೋರಿಸುವ ಶಾಟ್: ಕತ್ತಿನ ನರಗಳು ಉಬ್ಬಿವೆ, ಗುಳ್ಳೆ ರಭಸವಾಗಿ ನುಗ್ಗುತ್ತಿದೆ.)

ಧ್ವನಿ: ‘ಹೀಗಾದರೆ ನೀವು ತಳ್ತಾ ಇದ್ದೀರಿ ಅಂತ ಅರ್ಥ. ಸ್ಟ್ರಾ ಮೇಲಕ್ಕೆಳೆಯಿರಿ. ಮೂಗು ಹಿಡಿದಾಗ ಧ್ವನಿ ಬದಲಾದರೆ ಗಾಳಿ ಮೂಗಿಂದ ಸೋರ್ತಿದೆ.’

ದೃಶ್ಯ 4: ಡಾಕ್ಟರ ಹತ್ತಿರ ಯಾವಾಗ

ಧ್ವನಿ: ‘ಧ್ವನಿ ಮೂರು ವಾರವಾದರೂ ಸರಿ ಹೋಗದಿದ್ದರೆ ಇಎನ್‌ಟಿ. ಸಿಗರೇಟು, ತಂಬಾಕಿನ ಅಭ್ಯಾಸ ಇದ್ದವರು ಅಷ್ಟು ಕಾಯಬೇಡಿ. ನುಂಗಲು ನೋವು, ಕಫದಲ್ಲಿ ರಕ್ತ, ಕತ್ತಲ್ಲಿ ಗಡ್ಡೆ ಇದ್ದರೆ ತಕ್ಷಣ. ಉಸಿರಾಟ ಕಷ್ಟವಾದರೆ ನೇರ ತುರ್ತು ಚಿಕಿತ್ಸೆಗೆ. ಕೂಗುವಾಗ ಧ್ವನಿ ಇದ್ದಕ್ಕಿದ್ದ ಹಾಗೆ ಹೋಗಿಬಿಟ್ಟರೆ ತಂತುವಿನಲ್ಲಿ ರಕ್ತನಾಳ ಒಡೆದಿರಬಹುದು. ಆ ದಿನ ಮಾತು ಪೂರ್ತಿ ನಿಲ್ಲಿಸಿ, ತೋರಿಸಿಕೊಳ್ಳಿ.’

ಕಾಫಿಯ ಬಗ್ಗೆ ವಿಡಿಯೊದಲ್ಲಿ ಏನೂ ಸೇರಿಸಲಿಲ್ಲ. ದಿನಕ್ಕೆ ಎರಡು ಲೋಟ ಕುಡಿದರೆ ಧ್ವನಿ ಒಣಗುತ್ತದೆ ಎಂದು ಹೆದರಿಸಿದರೆ ಹಾಸನದಲ್ಲಿ ಯಾರೂ ಮುಂದಿನದನ್ನು ಕೇಳುವುದಿಲ್ಲ, ಹೆದರಿಸಬೇಕಾದ ಅಗತ್ಯವೂ ಇಲ್ಲ. ‘ಸ’ ಅವರಿಗೆ ಮಾತ್ರ ಬೆಳಗಿನ ಹುಳಿತೇಗು ಇದ್ದುದರಿಂದ, ರಾತ್ರಿ ಊಟಕ್ಕೂ ಮಲಗುವುದಕ್ಕೂ ನಡುವೆ ಮೂರು ಗಂಟೆ ಬಿಡಲು ಹೇಳಿದೆವು.

ಊತ ಇದೆಯೇ ಎಂದು ಮನೆಯಲ್ಲೇ ಅಂದಾಜಿಸಲು ಅವರಿಗೆ ಒಂದು ಪರೀಕ್ಷೆ ಕಲಿಸಿದೆವು. ಮಗುವನ್ನು ಮಲಗಿಸುವಾಗ ‘ಜೋ ಜೋ’ ಎಂದು ಮೇಲಿನ ಸ್ಥಾಯಿಯಲ್ಲಿ, ಆದಷ್ಟು ಮೆಲ್ಲಗೆ ಹಾಡಬೇಕು. ತಂತು ಊದಿದ್ದರೆ ಧ್ವನಿ ಬರುವ ಮುಂಚೆ ಬರೀ ಗಾಳಿ ಬರುತ್ತದೆ, ಅಥವಾ ನಡುವೆ ಕಡಿಯುತ್ತದೆ. ಜೋರಾಗಿ ಹಾಡಿದರೆ ಊತ ಇದ್ದರೂ ಗೊತ್ತಾಗದು, ಆದ್ದರಿಂದ ಮೆಲ್ಲಗೆ ಹಾಡುವುದೇ ಮುಖ್ಯ. ಬೆಳಿಗ್ಗೆ ಬಂದದ್ದು ರಾತ್ರಿ ಬರದಿದ್ದರೆ ಆ ದಿನ ಹೆಚ್ಚಾಯಿತೆಂದು ತಿಳಿದು ಉಳಿದ ಮಾತು ಕಡಿಮೆ ಮಾಡಬೇಕು.

ಆರು ವಾರದ ನಂತರ ಮತ್ತೆ ನೋಡಿದಾಗ ರಾತ್ರಿಯೂ ಜೋ ಜೋ ಕಡಿಯದೆ ಬರುತ್ತಿತ್ತು. ಕತ್ತಿನ ನೋವು ಹೋಗಿತ್ತು. ಎರಡು ಶಿಫ್ಟ್ ಸೇರಿಸಿ ಮಾಡಿದ ದಿನ ಮಾತ್ರ ಹಳೆಯದೇ ಮರುಕಳಿಸುತ್ತದೆ. ಅದನ್ನು ಯಾವ ವ್ಯಾಯಾಮವೂ ತಡೆಯಲಾರದು.

ನೀರಿನ ಸಲಹೆ ಮೊದಲ ಎರಡು ವಾರ ಫಲಿಸಿರಲಿಲ್ಲ. ವಿಚಾರಿಸಿದಾಗ ತಿಳಿದದ್ದು: ಶೌಚಕ್ಕೆ ಎದ್ದರೆ ಬ್ರೇಕ್ ಸಮಯದಲ್ಲಿ ಕಡಿತ ಆಗುತ್ತದೆಂದು ಮಹಿಳೆಯರು ನೀರನ್ನೇ ಕುಡಿಯುತ್ತಿರಲಿಲ್ಲ. ವಿಡಿಯೊದ ಕೊನೆಗೆ ಟೀಮ್ ಲೀಡರ್‌ಗಳಿಗಾಗಿ ಒಂದು ಸಾಲು ಸೇರಿಸಿದೆವು: ‘ನೀರು ಕುಡೀರಿ ಅಂತ ಹೇಳುವ ಮುಂಚೆ ಶೌಚದ ನಿಮಿಷಗಳನ್ನ ಬ್ರೇಕಿನ ಲೆಕ್ಕದಿಂದ ತೆಗೆಯಿರಿ.’