ಹುಬ್ಬಿನ ತುದಿ, ರೆಪ್ಪೆ ಎರಡೂ ತೆಳ್ಳಗಾದರೆ

"ಹುಬ್ಬಿನ ಕೊನೆ ಭಾಗ ಬೋಳಾಗ್ತಿದೆ, ರೆಪ್ಪೆ ಕೂದಲೂ ಉದುರ್ತಿದೆ. ಪ್ಲಕ್ ಮಾಡಿದ್ದಕ್ಕಾ? ಹರಳೆಣ್ಣೆ ಹಚ್ಚಲಾ?"

ಪ್ಲಕರ್ ರೆಪ್ಪೆಗೆ ತಾಗುವುದಿಲ್ಲವಲ್ಲ, ತಪ್ಪನ್ನೆಲ್ಲ ಅದರ ಮೇಲೆ ಹಾಕಬೇಡಿ. ಎರಡೂ ಹುಬ್ಬಿನ ಹೊರತುದಿ ತೆಳ್ಳಗಾಗಿ, ಜೊತೆಗೆ ಸುಸ್ತು, ಒಣ ಚರ್ಮ, ಚಳಿ ತಡೆಯಲಾಗದಿರುವುದು ಇದ್ದರೆ ಥೈರಾಯ್ಡ್ ಕಡಿಮೆಯಾಗಿರಬಹುದು, ಮೊದಲು ಅದನ್ನು ತಿಳಿಸುವ ಟಿಎಸ್‌ಎಚ್ ರಕ್ತಪರೀಕ್ಷೆ ಮಾಡಿಸಿ. ನನಗೂ ಹೀಗೇ ಆಗಿತ್ತು. ಥೈರಾಯ್ಡ್ ಮಾತ್ರೆ ಶುರುಮಾಡಿ 4 ತಿಂಗಳಾದ ಮೇಲೆ ಕನ್ನಡಿ ಹತ್ತಿರ ಹಿಡಿದರೆ ಕೂದಲಿನ ನವಿರು ಎಳೆಗಳು ಕಂಡವು. ಅಲ್ಲಿಯವರೆಗೆ ಥ್ರೆಡಿಂಗ್ ಪೂರ್ತಿ ಬಿಡಿ. ಮಸ್ಕಾರಾವನ್ನು ಉಜ್ಜಬೇಡಿ, ಒದ್ದೆ ಹತ್ತಿ ಒತ್ತಿಟ್ಟು ಮೆಲ್ಲಗೆ ತೆಗೆಯಿರಿ. ಹರಳೆಣ್ಣೆ ಇರುವ ಕೂದಲನ್ನು ಮೆತ್ತಗಿಟ್ಟೀತು, ಹೊಸದನ್ನು ಹುಟ್ಟಿಸುತ್ತದೆ ಅನ್ನುವುದಕ್ಕೆ ಆಧಾರವಿಲ್ಲ. ವರ್ಷಗಟ್ಟಲೆ ಕಿತ್ತು ಬೇರೇ ಸತ್ತ ಜಾಗದಲ್ಲಂತೂ ಕೂದಲು ಬಾರದು. ನುಣುಪಾದ ಬೋಳು ವೃತ್ತವೋ ಕೆಂಪು ಹುರುಪೆಯೋ ಕಂಡರೆ ನೇರ ಚರ್ಮದ ಡಾಕ್ಟರಿಗೆ ತೋರಿಸಿ, ಅದರ ಕಥೆಯೇ ಬೇರೆ.