ಘನಮೂಲದ ಲಿಮಿಟ್‌ನಲ್ಲಿ 0/0 ಹೋಗಬೇಕಾದರೆ ಯಾವುದರಿಂದ ಗುಣಿಸಬೇಕು?

"ಫಸ್ಟ್ ಪಿಯುಸಿ ಓದ್ತಿದ್ದೀನಿ. x → 0 ಆದಾಗ (∛(8 + x) − 2) / x ಇದರ ಲಿಮಿಟ್ ಬೇಕು. ವರ್ಗಮೂಲದ ಲೆಕ್ಕಕ್ಕೆ ಮಾಡೋ ಹಾಗೆ ಮೇಲೆ, ಕೆಳಗೆ ∛(8 + x) + 2 ಇಂದ ಗುಣಿಸಿದೆ. ಆದ್ರೂ 0/0 ಹೋಗ್ತಾನೇ ಇಲ್ಲ. ಯಾಕೆ?"

ನಿಮ್ಮ ಗುಣಾಕಾರ ಸರಿಯಾಗಿಯೇ ಇದೆ. ಆದರೆ ಗುಣಿಸಲು ಆರಿಸಿಕೊಂಡದ್ದು ಘನಮೂಲದ ಲೆಕ್ಕಕ್ಕೆ ಕೆಲಸಕ್ಕೆ ಬರುವುದಿಲ್ಲ.

ಬರೆಯುವುದು ಸುಲಭವಾಗಲಿ ಅಂತ ∛(8 + x) ಅನ್ನು a ಎಂದೂ 2 ಅನ್ನು b ಎಂದೂ ಕರೆಯೋಣ. ನೀವು ಮಾಡಿದ್ದು ಇದು:

(a − b)(a + b) = a² − b²

a ವರ್ಗಮೂಲವಾಗಿದ್ದರೆ a² ಬಂದ ಕೂಡಲೇ ಮೂಲದ ಚಿಹ್ನೆ ಹೋಗಿಬಿಡುತ್ತಿತ್ತು. ಒಳಗೆ ಅಡಗಿದ್ದ x ಹೊರಗೆ ಬರುತ್ತಿತ್ತು. ಕೆಳಗಿನ x ಜೊತೆ ಹೊಡೆದುಹಾಕಬಹುದಿತ್ತು. ಆದರೆ ಇಲ್ಲಿ a ಘನಮೂಲ. ಅದರ ವರ್ಗ ಮಾಡಿದರೆ ∛((8 + x)²) ಆಗುತ್ತದೆ. ಮೂಲ ಹಾಗೇ ಕೂತಿದೆ, x ಇನ್ನೂ ಒಳಗೇ ಇದೆ. x = 0 ಹಾಕಿದರೆ ಮೇಲೆ 4 − 4, ಕೆಳಗೆ 0 × 4. ಮತ್ತೆ 0/0.

ಹಾಗಾದರೆ ಮೂಲ ಹೋಗುವುದು ಯಾವಾಗ? a³ ಬಂದಾಗ ಮಾತ್ರ. ಅಂದರೆ a − b ಅನ್ನು ಯಾವುದರಿಂದ ಗುಣಿಸಿದರೆ a³ − b³ ಸಿಗುತ್ತದೋ ಅದು ಬೇಕು. ಹೈಸ್ಕೂಲಿನಲ್ಲೇ ಓದಿರುತ್ತೀರಿ:

a³ − b³ = (a − b)(a² + ab + b²)

ಸುಮ್ನೆ ನಂಬಬೇಡಿ, ಒಂದು ಸಲ ಬಿಡಿಸಿ ನೋಡಿ. a ಇಂದ ಗುಣಿಸಿದರೆ a³ + a²b + ab². −b ಇಂದ ಗುಣಿಸಿದರೆ −a²b − ab² − b³. ನಡುವಿನ ನಾಲ್ಕು ಪದಗಳು ಎರಡೆರಡಾಗಿ ಹೊಡೆದುಹೋಗುತ್ತವೆ, ತುದಿಯ ಎರಡು ಉಳಿಯುತ್ತವೆ. ಮಧ್ಯದ ab ಇರುವುದೇ ಆ ಹೊಡೆದಾಟಕ್ಕೆ. ಅದನ್ನು ಬಿಟ್ಟು ಬರೀ a² + b² ಇಂದ ಗುಣಿಸಿದರೆ a²b, ab² ಎರಡೂ ಉಳಿದುಬಿಡುತ್ತವೆ.

ಈಗ ನಿಮ್ಮ ಲೆಕ್ಕ. ಮೇಲೆ, ಕೆಳಗೆ a² + ab + b² ಇಂದ, ಅಂದರೆ ∛((8 + x)²) + 2∛(8 + x) + 4 ಇಂದ ಗುಣಿಸಿ. ಅಂಶದಲ್ಲಿ ಸಿಗುವುದು

a³ − b³ = (8 + x) − 8 = x

ಛೇದದಲ್ಲಿ x ಮತ್ತು ಆ ಮೂರು ಪದಗಳ ಮೊತ್ತ, ಇವೆರಡರ ಗುಣಲಬ್ಧ. ಇಲ್ಲಿ ಒಂದು ಮಾತು: ಛೇದವನ್ನು ಬಿಡಿಸಿ ಬರೆಯಲೇಬೇಡಿ. x ಅನ್ನು ಮೂರೂ ಪದಗಳಿಗೆ ಹಂಚಿಬಿಟ್ಟರೆ ಹೊಡೆಯಬೇಕಾದ x ಕಣ್ಣಿಗೇ ಬೀಳುವುದಿಲ್ಲ. ಆವರಣದ ಹೊರಗೇ ಇರಲಿ. x → 0 ಅಂದರೆ x ಸೊನ್ನೆಯ ಹತ್ತಿರ ಬರುತ್ತದೆ, ಸೊನ್ನೆ ಆಗುವುದಿಲ್ಲ. ಹಾಗಾಗಿ ಮೇಲಿನ x, ಕೆಳಗಿನ x ಹೊಡೆಯಲು ಅಡ್ಡಿಯಿಲ್ಲ. ಉಳಿಯುವುದು:

1 / (∛((8 + x)²) + 2∛(8 + x) + 4)

ಈಗ x = 0 ಹಾಕಿ. ∛64 = 4, 2 × 2 = 4, ಇನ್ನೊಂದು 4. ಉತ್ತರ 1/12.

ಅನುಮಾನ ಇದ್ದರೆ ಕ್ಯಾಲ್ಕುಲೇಟರ್ ತಗೊಳ್ಳಿ. x = 0.1 ಇಟ್ಟರೆ ∛8.1 ಸುಮಾರು 2.0083. ಅದರಲ್ಲಿ 2 ಕಳೆದು 0.1 ಇಂದ ಭಾಗಿಸಿದರೆ 0.083. 1/12 ಅಂದರೆ 0.0833…, ಹೊಂದುತ್ತದೆ ಅಲ್ವಾ?

ಕೆಳಗೆ 4 + 4 + 4 ಬಂದದ್ದು ಆಕಸ್ಮಿಕ ಅಲ್ಲ. 0/0 ಬಂದಿದೆ ಎಂದರೆ ಆ ಬಿಂದುವಿನಲ್ಲಿ a − b ಸೊನ್ನೆ, ಅಂದರೆ a ಮತ್ತು b ಸಮ. ಆಗ a², ab, b² ಮೂರೂ ಒಂದೇ ಸಂಖ್ಯೆ, ಮೊತ್ತ 3b². ಪರೀಕ್ಷೆಯಲ್ಲಿ ತಾಳೆ ನೋಡಲು ನನಗೆ ಇದಕ್ಕಿಂತ ಒಳ್ಳೆಯ ಉಪಾಯ ಗೊತ್ತಿಲ್ಲ. ಕೊನೆಯ ಹೆಜ್ಜೆಯಲ್ಲಿ ಮೂರು ಪದಗಳು ಸಮವಾಗಿ ಬರದಿದ್ದರೆ ಎಲ್ಲೋ ಚಿಹ್ನೆ ತಪ್ಪಿದೆ.

ಜಾಸ್ತಿ ಜನ ಚಿಹ್ನೆ ತಪ್ಪುವುದು ನಡುವೆ ಕೂಡುವ ಗುರುತು ಇರುವ ಲೆಕ್ಕದಲ್ಲಿ. ಉದಾಹರಣೆಗೆ x → 1 ಆದಾಗ (∛(x − 9) + 2) / (x − 1). x = 1 ಆದರೆ ∛(−8) = −2, ಹಾಗಾಗಿ ಇದೂ 0/0. ಇಲ್ಲಿ ಬೇಕಾದದ್ದು a³ + b³, ಆದ್ದರಿಂದ ಗುಣಿಸಬೇಕಾದದ್ದು a² − ab + b². ಅಂಶ (x − 9) + 8 = x − 1 ಆಗುತ್ತದೆ, ಕೆಳಗಿನದರ ಜೊತೆ ಹೋಗುತ್ತದೆ. ಉಳಿದ ಛೇದದಲ್ಲಿ a = −2, b = 2 ಹಾಕಿದರೆ 4 − (−4) + 4 = 12. ಉತ್ತರ ಮತ್ತೆ 1/12. ಮೈನಸ್ ಇದೆಯಲ್ಲ ಅಂತ ಅವಸರದಲ್ಲಿ 4 − 4 + 4 ಎಂದು ಬರೆದರೆ 1/4 ಬರುತ್ತದೆ. a ಯೇ ಋಣ ಸಂಖ್ಯೆ ಅನ್ನುವುದು ಮರೆತುಹೋಗಿರುತ್ತದೆ. ಮೂರೂ ಪದ ಸಮವಾಗಿ ಕೂಡಬೇಕು ಅನ್ನುವುದು ತಲೆಯಲ್ಲಿದ್ದರೆ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಉದ್ದದ ಘನಮೂಲಗಳನ್ನು ಬರೆಯಲು ಬೇಜಾರಾದರೆ 8 + x = t³ ಎಂದು ಇಡಿ. x → 0 ಆದಾಗ t → 2. ಲೆಕ್ಕ (t − 2) / (t³ − 8) ಆಗುತ್ತದೆ. ಛೇದವನ್ನು ಅಪವರ್ತಿಸಿದರೆ (t − 2)(t² + 2t + 4). t − 2 ಹೊಡೆದರೆ 1/12. ಅದೇ ಸೂತ್ರ, ಈ ಸಲ ಕೆಳಗಿನಿಂದ ಬಂತು. ನಾನಾದರೆ ಹೀಗೇ ಮಾಡುತ್ತೇನೆ, ಕೈತಪ್ಪು ಕಡಿಮೆ.

ಒಂದೇ ಅಂಶದಲ್ಲಿ ಘನಮೂಲ, ವರ್ಗಮೂಲ ಎರಡೂ ಬಂದರೆ ಮಾತ್ರ ಈ ಸೂತ್ರ ನೇರವಾಗಿ ನಡೆಯುವುದಿಲ್ಲ. x → 1 ಆದಾಗ (∛(7 + x) − √(3 + x)) / (x − 1) ನೋಡಿ. ಎರಡೂ ಮೂಲಗಳು 2 ಕ್ಕೆ ಹೋಗುತ್ತವೆ. ಘನ ಮಾಡಿದರೆ ಎರಡನೆಯದು ಹಾಗೇ ಉಳಿಯುತ್ತದೆ, ವರ್ಗ ಮಾಡಿದರೆ ಮೊದಲನೆಯದು. ಅದಕ್ಕೇ ಆ 2 ಅನ್ನು ಒಮ್ಮೆ ಕಳೆದು ಒಮ್ಮೆ ಕೂಡಿ, ಎರಡು ತುಂಡು ಮಾಡಿ:

(∛(7 + x) − 2) / (x − 1) − (√(3 + x) − 2) / (x − 1)

ಮೊದಲ ತುಂಡಿಗೆ ಮೂರು ಪದದ ಗುಣಕ, 1/12 ಸಿಗುತ್ತದೆ. ಎರಡನೆಯದಕ್ಕೆ ನೀವು ಬಳಸಿದ ಹಳೆಯ ಎರಡು ಪದದ ಗುಣಕ, ಅಲ್ಲಿ 1/4. ಕಳೆದರೆ −1/6. ಎರಡೂ ತುಂಡಿಗೆ ಬೇರೆ ಬೇರೆಯಾಗಿ ಲಿಮಿಟ್ ಇರುವುದರಿಂದಲೇ ಹೀಗೆ ಒಡೆಯಬಹುದು.

ಇನ್ನೊಂದು ಸಂದರ್ಭ: ಆ ಬಿಂದುವಿನಲ್ಲಿ a, b ಎರಡೂ ಸೊನ್ನೆಯೇ ಆಗಿಬಿಟ್ಟರೆ. ಆಗ 3b² ಕೂಡ ಸೊನ್ನೆ, ಗುಣಿಸಿ ಲಾಭವಿಲ್ಲ. x → 0 ಆದಾಗ ∛x / x ಇಂಥದ್ದು. ಅಲ್ಲಿ ಅಪವರ್ತನದ ಗೊಡವೆಗೆ ಹೋಗದೆ ನೇರವಾಗಿ ಭಾಗಿಸಿ. 1/∛(x²) ಉಳಿಯುತ್ತದೆ, ಅದು ಮಿತಿಯಿಲ್ಲದೆ ಬೆಳೆಯುತ್ತದೆ. ಆ ಲಿಮಿಟ್‌ಗೆ ಸಂಖ್ಯೆಯ ಉತ್ತರವೇ ಇಲ್ಲ.